ಬೇಸಿಗೆಯ ಮೊಟ್ಟೆ: ಉಷ್ಣ ಆಗುವುದು ಯಾರಿಗೆ?

ಮಾರ್ಚ್ ಮುಗಿಯುವ ಹೊತ್ತಿಗೆ ಮನೆಗಳಲ್ಲಿ ಈ ಮಾತು ಶುರುವಾಗುತ್ತದೆ. "ಬಿಸಿಲು ಜಾಸ್ತಿ ಇದೆ, ಮೊಟ್ಟೆ ಬೇಡ, ಉಷ್ಣ ಆಗುತ್ತೆ." ಮಗುವಿನ ತುಟಿ ಒಡೆದರೆ, ಬೆನ್ನಿಗೆ ಕುರು ಎದ್ದರೆ, ಉಚ್ಚೆ ಉರಿದರೆ ಮೊದಲು ಕೇಳುವ ಪ್ರಶ್ನೆಯೂ ಅದೇ: ನಿನ್ನೆ ಏನು ತಿಂದೆ? ಮೊಟ್ಟೆ ತಿಂದಿದ್ದರೆ ಮುಗಿಯಿತು, ತನಿಖೆ ಅಲ್ಲಿಗೇ ನಿಲ್ಲುತ್ತದೆ.

ಈ ನಂಬಿಕೆ ಹಳೆಯದು. ಹಾಗಾಗಿ ಹಳೆಯ ಗ್ರಂಥದಲ್ಲೇ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಆದರೆ ಚರಕ ಸಂಹಿತೆ ತೆರೆದರೆ ಸ್ವಲ್ಪ ಆಶ್ಚರ್ಯವಾಗುತ್ತದೆ. ಅದರ ಸೂತ್ರಸ್ಥಾನದ 27ನೇ ಅಧ್ಯಾಯ ತಿನ್ನುವ, ಕುಡಿಯುವ ಪದಾರ್ಥಗಳದ್ದೇ ದೊಡ್ಡ ಪಟ್ಟಿ. ಅಲ್ಲಿ ಕೋಳಿ ಮಾಂಸದ ಬಗ್ಗೆ ಸಂಶಯವೇ ಇಲ್ಲದ ಮಾತಿದೆ: ಅದು ಜಿಡ್ಡಿನದು, ಉಷ್ಣ, ಬಲ ಕೊಡುತ್ತದೆ, ಬೆವರು ಬರಿಸುತ್ತದೆ. ಮೊಟ್ಟೆಗೆ ಬಂದಾಗ ಧಾಟಿಯೇ ಬೇರೆ. ಹಂಸ, ಚಕೋರ, ಕೋಳಿ, ನವಿಲು, ಗುಬ್ಬಿ ಮೊಟ್ಟೆಗಳನ್ನು ಒಟ್ಟಿಗೆ ಹೇಳಿ, ಅವು ಸಿಹಿ, ತಕ್ಷಣ ಬಲ ಕೊಡುವಂಥವು, ಕೆಮ್ಮು, ಎದೆಯ ರೋಗ, ಗಾಯ ಇರುವವರಿಗೆ ಒಳ್ಳೆಯದು ಎನ್ನುತ್ತದೆ. ಪಕ್ಕದಲ್ಲೇ ಕೋಳಿಯನ್ನು ಉಷ್ಣ ಎಂದವರು ಮೊಟ್ಟೆಯನ್ನು ಹಾಗೆ ಕರೆಯಲಿಲ್ಲ.

ಅದೇ ಸೂತ್ರಸ್ಥಾನದ 6ನೇ ಅಧ್ಯಾಯದಲ್ಲಿ ಯಾವ ಋತುವಿನಲ್ಲಿ ಏನು ತಿನ್ನಬೇಕು ಎಂಬ ವಿವರವಿದೆ. ಬೇಸಿಗೆಗೆ ಸಿಹಿ, ತಂಪು, ದ್ರವ ಪದಾರ್ಥ, ಹಾಲು, ತುಪ್ಪ, ಅಕ್ಕಿ ಅನ್ನ. ಉಪ್ಪು, ಹುಳಿ, ಖಾರ ಕಡಿಮೆ. ತಮಾಷೆ ಎಂದರೆ ಕಾಡಿನ ಪ್ರಾಣಿ-ಪಕ್ಷಿಗಳ ಮಾಂಸವೂ ಬೇಸಿಗೆಯ ಊಟದಲ್ಲೇ ಸೇರಿದೆ. ಬಾಡೂಟ ಎಂದ ಕೂಡಲೇ ಬೇಸಿಗೆಗೆ ನಿಷಿದ್ಧ ಎಂಬ ಲೆಕ್ಕ ಅಲ್ಲಿ ಇಲ್ಲ. ಇವತ್ತಿನ ಎಷ್ಟೋ ವೈದ್ಯರು ಮೊಟ್ಟೆ ಉಷ್ಣ ಎಂದೇ ಹೇಳುತ್ತಾರೆ, ಅದು ನಿಜ. ಆದರೆ ಆ ಮಾತು ಚರಕರಿಂದ ನೇರವಾಗಿ ಇಳಿದು ಬಂದದ್ದಲ್ಲ.

ಹಾಗಾದರೆ ಎಲ್ಲಿಂದ ಬಂತು? ಒಂದು ದಾರಿ ಸುಲಭವಾಗಿ ಕಾಣುತ್ತದೆ: ಕೋಳಿ ಉಷ್ಣವಾದರೆ ಅದರ ಮೊಟ್ಟೆಯೂ ಉಷ್ಣವೇ ಅಲ್ವಾ ಎಂಬ ತರ್ಕ. ಇನ್ನೊಂದು ದಾರಿ ನನ್ನ ಊಹೆ, ಆದರೆ ಕೋಳಿ ಸಾಕಿದವರು ತಲೆಯಾಡಿಸುತ್ತಾರೆ ಅನ್ನಿಸುತ್ತದೆ.

ಫಾರಂ ಕೋಳಿ ಬರುವ ಮುಂಚೆ ಹಳ್ಳಿಯಲ್ಲಿ ಇದ್ದದ್ದು ನಾಟಿ ಕೋಳಿ. ಹಿಂಡಿನಲ್ಲಿ ಹುಂಜ ಇರುತ್ತಿತ್ತು. ಹಾಗಾಗಿ ಹೆಚ್ಚಿನ ಮೊಟ್ಟೆಯಲ್ಲಿ ಮರಿಯಾಗುವ ಜೀವ ಇರುತ್ತಿತ್ತು. ಅಂಥ ಮೊಟ್ಟೆಯನ್ನು ತಂಪಾದ ಜಾಗದಲ್ಲಿ ಇಟ್ಟರೆ ಒಳಗಿನ ಭ್ರೂಣ ಬೆಳೆಯದೆ ಸುಮ್ಮನಿರುತ್ತದೆ. ಸುತ್ತಲಿನ ಶಾಖ ಹೆಚ್ಚುಕಡಿಮೆ 27 ಡಿಗ್ರಿ ದಾಟಿದರೆ, ಕಾವಿಗೆ ಕೂರುವ ಕೋಳಿ ಇಲ್ಲದಿದ್ದರೂ ನಿಧಾನವಾಗಿ ಬೆಳೆಯಲು ಶುರುಮಾಡುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಮನೆಯೊಳಗಿನ ಬುಟ್ಟಿಯೂ 35 ಡಿಗ್ರಿ ಇರುತ್ತದೆ. ನಾಲ್ಕು ದಿನ ಕೂಡಿಟ್ಟು ಒಡೆದರೆ ರಕ್ತದ ಎಳೆ ಕಾಣುತ್ತದೆ. ಇನ್ನೂ ಬಿಟ್ಟರೆ ಕೊಳೆತು ನಾರುತ್ತದೆ. ಅಂಥದ್ದನ್ನು ತಿಂದು ಹೊಟ್ಟೆ ಕೆಟ್ಟವರು ಬೇಸಿಗೆಯ ಮೊಟ್ಟೆಗೆ ಕೈಮುಗಿದರೆ ಅದರಲ್ಲಿ ತಪ್ಪೇನೂ ಇಲ್ಲ. ಈಗ ಅಂಗಡಿಯಲ್ಲಿ ಸಿಗುವ ಬಿಳಿ ಮೊಟ್ಟೆ ಹುಂಜವೇ ಇಲ್ಲದ ಶೆಡ್ಡಿನದು. ಅದರಲ್ಲಿ ಭ್ರೂಣ ಇರುವುದಿಲ್ಲ. ಕಾರಣ ಹೋಯಿತು, ಎಚ್ಚರಿಕೆ ಉಳಿಯಿತು.

ಇನ್ನು ನಿಜವಾದ ಶಾಖದ ಲೆಕ್ಕ ನೋಡೋಣ. ಯಾವ ಊಟ ಮಾಡಿದರೂ ಅದನ್ನು ಅರಗಿಸಲು, ಬಳಸಿಕೊಳ್ಳಲು ದೇಹ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತದೆ. ಆ ಖರ್ಚು ಶಾಖವಾಗಿ ಹೊರಬರುತ್ತದೆ. ಪ್ರೋಟೀನ್‌ಗೆ ಈ ಖರ್ಚು ಜಾಸ್ತಿ, ಅದರ ಕ್ಯಾಲೊರಿಯ ಶೇ 20ರಿಂದ 30. ಅನ್ನ, ಮುದ್ದೆಯಂಥ ಪಿಷ್ಟಕ್ಕೆ ಶೇ 5ರಿಂದ 10. ಕೊಬ್ಬಿಗೆ ಬರೀ ಶೇ 3ರವರೆಗೆ. ಮೊಟ್ಟೆ ಪ್ರೋಟೀನ್ ಇರುವ ಆಹಾರ, ಆದ್ದರಿಂದ "ಶಾಖ ಕೊಡುತ್ತದೆ" ಎಂಬ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ. ಆದರೆ ಎಷ್ಟು?

ಒಂದು ಸಾಧಾರಣ ಮೊಟ್ಟೆಯಲ್ಲಿ ತಿನ್ನುವ ಭಾಗ ಸುಮಾರು 50 ಗ್ರಾಂ, ಸುಮಾರು 70 ಕ್ಯಾಲೊರಿ. ಅದರಲ್ಲಿ 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು. ಪ್ರೋಟೀನ್‌ನಿಂದ 6 ಕ್ಯಾಲೊರಿ, ಕೊಬ್ಬಿನಿಂದ 1, ಒಟ್ಟು 7 ಕ್ಯಾಲೊರಿಯಷ್ಟು ಶಾಖ. ಅದೂ ಒಮ್ಮೆಗೇ ಅಲ್ಲ, ಮೂರು ನಾಲ್ಕು ಗಂಟೆಯಲ್ಲಿ ಹರಡಿಕೊಂಡು. 60 ಕೆ.ಜಿ. ತೂಕದ ಒಬ್ಬರು ಸುಮ್ನೆ ಕುರ್ಚಿಯಲ್ಲಿ ಕೂತರೂ ದೇಹ ಗಂಟೆಗೆ 70-75 ಕ್ಯಾಲೊರಿ ಶಾಖ ಹುಟ್ಟಿಸುತ್ತದೆ. ಅಂದರೆ ಮೊಟ್ಟೆಯ ಶಾಖ ಆರು ನಿಮಿಷ ಕೂತದ್ದಕ್ಕೆ ಸಮ. ಒಂದು ಗ್ರಾಂ ಬೆವರು ಆರಿದರೆ ಅರ್ಧ ಕ್ಯಾಲೊರಿಗಿಂತ ಸ್ವಲ್ಪ ಜಾಸ್ತಿ ಶಾಖ ಹೋಗುತ್ತದೆ. ಹಾಗಾಗಿ ಈ 7 ಕ್ಯಾಲೊರಿಗೆ ಬೇಕಾದ್ದು ಸುಮಾರು 12 ಮಿಲಿ ಬೆವರು. ಊಟದ ಒಂದು ಚಮಚವೂ ತುಂಬುವುದಿಲ್ಲ. ಮಂಗಳೂರಿನ ಸೆಕೆಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ, ಅಲ್ಲಿ ಸ್ವಲ್ಪ ಜಾಸ್ತಿ ಹರಿಯಬೇಕಾದೀತು. ಆದರೂ ಲೆಕ್ಕ ಚಮಚದಲ್ಲೇ ಉಳಿಯುತ್ತದೆ, ಚೊಂಬಿಗೆ ಹೋಗುವುದಿಲ್ಲ.

ಅದೇ 70 ಕ್ಯಾಲೊರಿಯ ಅನ್ನ ತಿಂದಿದ್ದರೆ 4ರಿಂದ 7 ಕ್ಯಾಲೊರಿ ಶಾಖ ಬರುತ್ತಿತ್ತು. ವ್ಯತ್ಯಾಸ ಅಷ್ಟೇ.

"ಆದರೆ ಮೊಟ್ಟೆ ಸಾರು ತಿಂದ ಮೇಲೆ ನಿಜವಾಗಿ ಬೆವರು ಕಿತ್ತುಕೊಂಡು ಬರುತ್ತದಲ್ಲ?" ಬರುತ್ತದೆ. ಅದರ ಕೆಲಸ ಖಾರದ್ದು. ಮೆಣಸಿನಕಾಯಿಯ ಖಾರದ ಅಂಶ ಬಾಯಲ್ಲಿ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆರಳಿಸುತ್ತದೆ. ಬಿಸಿ ಇಲ್ಲದೆಯೂ ದೇಹ ಬಿಸಿ ಎಂದುಕೊಂಡು ಬೆವರು ಬಿಡುತ್ತದೆ. ಜೊತೆಗೆ ಎಣ್ಣೆ, ಮಸಾಲೆ, ಕುದಿಯುವ ಸಾರು. ಅದೇ ಮಸಾಲೆಗೆ ಆಲೂಗಡ್ಡೆ ಹಾಕಿ ತಿಂದು ನೋಡಿದರೂ ಹಣೆ ಒದ್ದೆಯಾಗುತ್ತದೆ. ಆಲೂಗಡ್ಡೆಯನ್ನು ಮಾತ್ರ ಯಾರೂ ದೂರುವುದಿಲ್ಲ.

ಆದರೆ ಮನೆಯ ಹಿರಿಯರು ಉಷ್ಣ ಎನ್ನುವಾಗ ಥರ್ಮಾಮೀಟರ್ ನೋಡಿ ಹೇಳುತ್ತಿಲ್ಲ. ಅವರು ನೋಡುವುದು ಕುರು, ಬಾಯಿಹುಣ್ಣು, ಕಣ್ಣುರಿ, ಉರಿಮೂತ್ರವನ್ನು. ದಕ್ಷಿಣ ಕನ್ನಡದಲ್ಲಿ 1970ರ ದಶಕದಿಂದ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅಲ್ಲಿನ ಜನರ ಉಷ್ಣ, ತಂಪು, ನಂಜು ಎಂಬ ವಿಂಗಡಣೆಯ ಬಗ್ಗೆ ಬರೆದಿದ್ದಾರೆ. ಅದು ಕಾಯಿಲೆ, ಹವೆ, ಬಾಣಂತನ, ವಯಸ್ಸು ಎಲ್ಲವನ್ನೂ ಸೇರಿಸಿಕೊಂಡ ಲೆಕ್ಕ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಲಕ್ಷಣಗಳು ನಿಜ. ಕಾರಣ ಮಾತ್ರ ಬೇರೆ ಕಡೆ ಇದೆ.

ಬೇಸಿಗೆಯಲ್ಲಿ ನೀರು ಕುಡಿದದ್ದಕ್ಕಿಂತ ಬೆವರಾಗಿ ಹೋಗುವುದು ಜಾಸ್ತಿ. ಮೂತ್ರ ಕಡಿಮೆಯಾಗಿ, ಗಾಢ ಹಳದಿಯಾಗಿ, ಉರಿಯುತ್ತದೆ. ಬೆವರಿನ ರಂಧ್ರ ಮುಚ್ಚಿ ಬೆವರುಸಾಲೆ ಏಳುತ್ತದೆ. ಕೊಳೆ, ಬೆವರು ಸೇರಿದ ಚರ್ಮದಲ್ಲಿ ಸೋಂಕಾಗಿ ಕುರುವಾಗುತ್ತದೆ. ಇವೆಲ್ಲ ಮೊಟ್ಟೆ ಮುಟ್ಟದವರಿಗೂ ಆಗುತ್ತವೆ. ಒಂದು ಸಂದರ್ಭ ಮಾತ್ರ ಬೇರೆ: ಮೊಟ್ಟೆ ತಿಂದ ಸ್ವಲ್ಪ ಹೊತ್ತಿಗೇ, ಪ್ರತಿ ಸಲವೂ, ಮೈಮೇಲೆ ದದ್ದು ಎದ್ದು ತುರಿಕೆಯಾದರೆ, ತುಟಿ ಊದಿದರೆ ಅದು ಅಲರ್ಜಿ ಇರಬಹುದು. ಚಿಕ್ಕ ಮಕ್ಕಳಲ್ಲಿ ಇದು ಕಾಣುತ್ತದೆ. ಅದಕ್ಕೆ ಡಿಸೆಂಬರ್ ಕೂಡ ಒಂದೇ, ಮೇ ಕೂಡ ಒಂದೇ. ಉಷ್ಣ ಎಂದು ಎಳನೀರು ಕೊಟ್ಟು ಕೂರದೆ ಡಾಕ್ಟರಿಗೆ ತೋರಿಸಬೇಕು.

ನಿಜವಾಗಿ ಉಷ್ಣದಿಂದ ಒದ್ದಾಡುವುದು ಮೊಟ್ಟೆ ತಿಂದವರಲ್ಲ, ಮೊಟ್ಟೆ ಇಡುವ ಕೋಳಿ. ಅದರ ಮೈಬಿಸಿಯೇ ಸುಮಾರು 41 ಡಿಗ್ರಿ, ಬೆವರಿನ ಗ್ರಂಥಿ ಇಲ್ಲ. ಬಿಸಿಲೇರಿದರೆ ಕೊಕ್ಕು ತೆರೆದು ಏದುಸಿರು ಬಿಡುವುದೇ ಮುಖ್ಯ ಉಪಾಯ. ಹಾಗೆ ಏದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. ಚಿಪ್ಪು ಆಗುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ಆ ಕಾರ್ಬೊನೇಟ್‌ಗೆ ಬೇಕಾದ ಸರಕು ರಕ್ತದಲ್ಲಿ ಕಡಿಮೆಯಾಗುತ್ತದೆ. ಮೇವೂ ಸರಿಯಾಗಿ ತಿನ್ನುವುದಿಲ್ಲ. ಹಾಗಾಗಿ ಬೇಸಿಗೆಯ ಮೊಟ್ಟೆ ಸಣ್ಣದು, ಚಿಪ್ಪು ತೆಳು. ಟ್ರೇಯಲ್ಲಿ ಬಿರುಕು ಬಿಟ್ಟವು ಜಾಸ್ತಿ ಕಾಣುವುದು ಇದಕ್ಕೇ.

ಬೇಸಿಗೆಯಲ್ಲಿ ಹೆದರಬೇಕಾದ್ದು ಈ ಬಿರುಕಿಗೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚಿಪ್ಪಿನ ಮೇಲಿನ ಹಿಕ್ಕೆಯಿಂದ ಒಳಗೆ ಹೋಗಬಹುದು. ಕೆಲವೊಮ್ಮೆ ಕೋಳಿಯ ಅಂಡಾಶಯದಿಂದಲೇ ಬರಬಹುದು. ಫ್ರಿಜ್ಜಿನ ಚಳಿಯಲ್ಲಿ ಅದು ಬೆಳೆಯುವುದಿಲ್ಲ. 35-37 ಡಿಗ್ರಿ ಅದಕ್ಕೆ ಹೇಳಿಮಾಡಿಸಿದ ಹವೆ, ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನ. ಬಿಸಿಯಲ್ಲಿ ದಿನಗಟ್ಟಲೆ ಇಟ್ಟ ಮೊಟ್ಟೆಯ ಹಳದಿಯ ಸುತ್ತಲಿನ ಪೊರೆ ಸಡಿಲವಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ ಪೋಷಣೆ ಬಿಳಿ ಭಾಗಕ್ಕೆ ಸೋರುತ್ತದೆ. ತಿಂದ ಆರು ಗಂಟೆಯ ನಂತರ ಯಾವಾಗ ಬೇಕಾದರೂ, ಕೆಲವೊಮ್ಮೆ ಎರಡು ಮೂರು ದಿನ ಬಿಟ್ಟು, ಜ್ವರ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಜ್ವರ ಬಂದ ಮೈ ಮುಟ್ಟಿ "ನೋಡು, ಉಷ್ಣ ಆಯ್ತು" ಎನ್ನುವುದು ಆಗಲೇ.

ಇದರಿಂದ ತಪ್ಪಿಸಿಕೊಳ್ಳಲು ಮೊಟ್ಟೆ ಬಿಡಬೇಕಿಲ್ಲ. ಬಿಸಿಲಲ್ಲಿ ಟ್ರೇ ಇಟ್ಟ ಅಂಗಡಿಯಲ್ಲಿ ಕೊಳ್ಳಬೇಡಿ. ಒಡೆದದ್ದನ್ನು ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ತಂದ ಕೂಡಲೇ ತೊಳೆಯಬೇಡಿ, ಚಿಪ್ಪಿನ ಮೇಲಿನ ರಕ್ಷಣೆಯ ಪದರ ಹೋಗುತ್ತದೆ. ಹಾಗೇ ಫ್ರಿಜ್ಜಿಗೆ ಇಡಿ, ಬೇಯಿಸುವ ಮುಂಚೆ ತೊಳೆದರೆ ಸಾಕು. ಫ್ರಿಜ್ಜಿನಿಂದ ತೆಗೆದು ಗಂಟೆಗಟ್ಟಲೆ ಹೊರಗಿಟ್ಟರೆ ಚಿಪ್ಪು ಬೆವರುತ್ತದೆ, ಆ ತೇವದ ಜೊತೆ ಕೊಳೆ ಒಳಗೆ ಇಳಿಯಬಹುದು. ನೀರಲ್ಲಿ ತೇಲಿದರೆ ಕೆಟ್ಟದ್ದು ಎಂಬ ಪರೀಕ್ಷೆ ಮೊಟ್ಟೆ ಎಷ್ಟು ಹಳತು ಎಂದಷ್ಟೇ ಹೇಳುತ್ತದೆ. ಮುಳುಗಿದ ಮೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು.

ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದರೆ ಅದು ಸಾಯುತ್ತದೆ. ಬೇಯಿಸಿದ ಮೇಲೂ ಬಿಸಿಲ ದಿನದಲ್ಲಿ ಒಂದು ಗಂಟೆಗಿಂತ ಹೊರಗಿಡದಿರುವುದು ಲೇಸು. ಪ್ರಯಾಣಕ್ಕೆ ಬೆಳಿಗ್ಗೆ ಬೇಯಿಸಿ, ಸುಲಿದು, ಡಬ್ಬಿಗೆ ಹಾಕಿ ಮಧ್ಯಾಹ್ನ ಎರಡಕ್ಕೆ ತಿನ್ನುವ ಅಭ್ಯಾಸ ಮೇ ತಿಂಗಳಲ್ಲಂತೂ ಬೇಡ. ಬಾಡಿ ಬೆಳೆಸಲು ದಿನಕ್ಕೆ ಎಂಟು ಹತ್ತು ಮೊಟ್ಟೆ ತಿನ್ನುವವರು ನೀರನ್ನೂ ಜಾಸ್ತಿ ಕುಡಿಯಬೇಕು, ಏಕೆಂದರೆ ಪ್ರೋಟೀನ್‌ನ ಕಸವನ್ನು ಮೂತ್ರದಲ್ಲಿ ಹೊರಹಾಕಲು ನೀರು ಬೇಕು. ಕಿಡ್ನಿ ತೊಂದರೆ ಇದ್ದವರು ಎಷ್ಟು ತಿನ್ನಬೇಕೆಂದು ತಮ್ಮ ಡಾಕ್ಟರನ್ನೇ ಕೇಳಲಿ.

ಹಸಿ ಮೊಟ್ಟೆಯ ಮಾತು ಬೇರೆ. ಹಾಲಿಗೆ ಒಡೆದು ಹಾಕಿಕೊಂಡು ಕುಡಿಯುವುದು, ಬೇಯದ ಮೊಟ್ಟೆಯ ಮಯೊನೀಸ್ ಹಚ್ಚಿಕೊಂಡು ತಿನ್ನುವುದು ಬೇಸಿಗೆಯಲ್ಲಿ ಖಂಡಿತ ಬೇಡ. ಹಸಿ ಮೊಟ್ಟೆಯಿಂದ ಮಾಡಿದ ಮಯೊನೀಸ್ ಅನ್ನು ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ ಒಂದು ವರ್ಷಕ್ಕೆ ನಿಷೇಧಿಸಿತು. ತಮಿಳುನಾಡು ಅದೇ ಕೆಲಸ ಮಾಡಿದ್ದು 2025ರ ಏಪ್ರಿಲ್‌ನಲ್ಲಿ. ಎರಡೂ ಸರ್ಕಾರಗಳು ಕೊಟ್ಟ ಕಾರಣ ಆಹಾರ ವಿಷವಾಗುವ ಭಯ.