ರೇಡಿಯೊ ಪದಪಲ್ಲಟ: ಕಿವಿಯಲ್ಲೇ ಬಿಡಿಸುವ ಒಗಟು

ಅಕ್ಷರಗಳನ್ನು ಅದಲುಬದಲು ಮಾಡಿ ಅಡಗಿಸಿದ ಪದವನ್ನು ಪತ್ರಿಕೆಯಲ್ಲಿ ಹುಡುಕುವವರಿಗೆ ಅಕ್ಷರಗಳು ಕಣ್ಣ ಮುಂದೆಯೇ ಇರುತ್ತವೆ. ರೇಡಿಯೊದಲ್ಲಿ ಅವು ನುಡಿದ ಮರುಕ್ಷಣವೇ ಇಲ್ಲವಾಗುತ್ತವೆ. ಆದ್ದರಿಂದ ಈ ಸುತ್ತಿಗೆ ಸ್ಕ್ರಿಪ್ಟ್ ಬರೆಯುವ ಕ್ವಿಜ್ ಮಾಸ್ಟರ್, ಪದವನ್ನು ಆರಿಸುವ ಮೊದಲೇ ಕೇಳುಗರ ನೆನಪಿನ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕೇಳಿದ್ದನ್ನು ನಾವು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು ಉಳಿಸಿಕೊಳ್ಳುತ್ತೇವೆ. ಹೀಗೆ ಉಳಿಯುವುದು ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಮಾತ್ರ ಎಂಬುದನ್ನು ಬ್ರಿಟನ್ನಿನ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ಐದು ಅಕ್ಷರಗಳು ಆ ಅವಧಿಯೊಳಗೆ ಸಲೀಸಾಗಿ ಹಿಡಿಸುತ್ತವೆ.

‘ನವಿಲುಗರಿ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಇದನ್ನು ನ್, ಅ, ವ್, ಇ ಎಂದು ವರ್ಣಗಳಾಗಿ ಒಡೆದರೆ ಹತ್ತು ತುಂಡುಗಳಾಗಿ, ಅವುಗಳಲ್ಲಿ ಅ ಮತ್ತು ಇ ಎರಡೆರಡು ಸಲ ಬರುವುದನ್ನು ಲೆಕ್ಕ ಹಿಡಿದರೂ 9,07,200 ಜೋಡಣೆಗಳು ಸಾಧ್ಯ. ಅಂಥದ್ದನ್ನು ಕಿವಿಯಿಂದ ಬಿಡಿಸಲಾಗದು. ನ, ವಿ, ಲು, ಗ, ರಿ ಎಂದು ಗುಣಿತಾಕ್ಷರಗಳಾಗಿಯೇ ಇಟ್ಟುಕೊಂಡರೆ ಜೋಡಣೆಗಳು 120 ಮಾತ್ರ. ಆ 120ರಲ್ಲಿ ಯಾವ ಅಕ್ಷರವೂ ತನ್ನ ಮೂಲ ಸ್ಥಾನದಲ್ಲಿ ಉಳಿಯದಂಥವು 44.

ಆದರೆ ಆ 44ರಲ್ಲಿ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳುವಂತಿಲ್ಲ, ಏಕೆಂದರೆ ಮನಸ್ಸು ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸುವುದಿಲ್ಲ. ಪಕ್ಕಪಕ್ಕದಲ್ಲಿ ಕೇಳಿಸಿದ್ದನ್ನು ಮೊದಲು ಅಂಟಿಸಿ ನೋಡುತ್ತದೆ. ‘ಲು, ನ, ರಿ, ವಿ, ಗ’ ಎಂದು ಓದಿದರೆ ಕೇಳುಗರಿಗೆ ನಡುವಿನ ‘ನರಿ’ ಸಿಕ್ಕಿಬಿಡುತ್ತದೆ, ಮತ್ತೆ ಅದು ಬಿಡುವುದಿಲ್ಲ. ಗ ಆದ ಮೇಲೆ ವಿ ಬಂದರೆ ‘ಗವಿ’ಯ ಕಾಟ. ಕೆಲವು ಕ್ವಿಜ್ ಮಾಸ್ಟರುಗಳು ಇಂಥ ಬಲೆಯನ್ನು ಬೇಕೆಂದೇ ಹೆಣೆಯುತ್ತಾರೆ. ಬರೆದುಕೊಳ್ಳಲು ಕಾಗದವಿಲ್ಲದೆ, ಅಡುಗೆಮನೆಯಲ್ಲೋ ಬಸ್ಸಿನಲ್ಲೋ ಕೇಳುತ್ತಿರುವವರಿಗೆ ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ‘ಗ, ಲು, ರಿ, ವಿ, ನ’ ಎಂಬ ಕ್ರಮದಲ್ಲಿ ಯಾವ ಅಕ್ಷರವೂ ಸ್ವಸ್ಥಾನದಲ್ಲಿಲ್ಲ, ಪದದಲ್ಲಿರುವ ಯಾವ ಜೋಡಿಯೂ ಹಾಗೆಯೇ ಉಳಿದಿಲ್ಲ, ದಾರಿ ತಪ್ಪಿಸುವ ಚಿಕ್ಕ ಪದವೂ ನಡುವೆ ಕೇಳಿಸುವುದಿಲ್ಲ.

ಉತ್ತರ ಒಂದೇ ಇರಬೇಕೆಂಬುದನ್ನೂ ಮೊದಲೇ ಪರೀಕ್ಷಿಸಿಕೊಳ್ಳಬೇಕು. ರ, ಮ, ಣ ಎಂಬ ಮೂರೇ ಅಕ್ಷರಗಳು ‘ರಮಣ’ನನ್ನೂ ಕೊಡುತ್ತವೆ, ‘ಮರಣ’ವನ್ನೂ ಕೊಡುತ್ತವೆ, ಬೆಳಗಿನ ಕಾರ್ಯಕ್ರಮದಲ್ಲಿ ಎರಡನೆಯದನ್ನು ಸರಿಯೆಂದು ಒಪ್ಪಿಕೊಳ್ಳುವ ಮುಜುಗರ ಯಾರಿಗೂ ಬೇಡ.

ಇನ್ನು ಓದುವ ಬಗೆ. ಲು ಮತ್ತು ಳು, ನ ಮತ್ತು ಣ ಬಿಡಿಯಾಗಿ ಕೇಳಿದಾಗ ಸುಲಭವಾಗಿ ಅದಲುಬದಲಾಗುತ್ತವೆ. ಸ ಮತ್ತು ಶಗಳ ವ್ಯತ್ಯಾಸ ಹೆಚ್ಚಾಗಿ ಎತ್ತರದ ಕಂಪನಾಂಕಗಳಲ್ಲಿರುವುದರಿಂದ, ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುವ ಸಾಂಪ್ರದಾಯಿಕ ದೂರವಾಣಿ ಮಾರ್ಗದಲ್ಲಿ ಉತ್ತರ ಹೇಳುವವರ ಸಕಾರ ಶಕಾರವಾಗಿಯೂ ಕೇಳಿಸೀತು. ಹಾಗಾಗಿ ಸ್ಕ್ರಿಪ್ಟಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಗುರುತು ಬೇಕು:

“ಐದು ಅಕ್ಷರಗಳು, ಐದನ್ನೂ ಬಳಸಲೇಬೇಕು. ಗಡಿಯಾರದ ಗ. ಲವಂಗದ ಲಕಾರಕ್ಕೆ ಕೊಂಬು, ಲು. ರಕಾರಕ್ಕೆ ಗುಡಿಸು, ರಿ. ವಕಾರಕ್ಕೆ ಗುಡಿಸು, ವಿ. ನಲ್ಲಿಯ ನ. ಇನ್ನೊಮ್ಮೆ ಹೇಳುತ್ತೇನೆ: ಗ, ಲು, ರಿ, ವಿ, ನ.”

ನಕಾರಕ್ಕೆ ಬಾಯಿಗೆ ಥಟ್ಟನೆ ಬರುವ ‘ನವಿಲಿನ ನ’ ಇಲ್ಲಿ ಉತ್ತರವನ್ನೇ ಬಿಟ್ಟುಕೊಡುತ್ತದೆ. ‘ಗರಿಯ ಗ’ ಕೂಡ ಹಾಗೆಯೇ. ಎರಡನೆಯ ಸಲ ಗುರುತುಗಳಿಲ್ಲದೆ, ತಡೆಯಿಲ್ಲದೆ ಓದುವುದಕ್ಕೂ ಕಾರಣವಿದೆ: ಕೇಳುಗರು ಮನಸ್ಸಿನಲ್ಲಿ ಹೇಳಿಕೊಳ್ಳಬೇಕಾದ್ದು ಆ ಎರಡು ಸೆಕೆಂಡಿನ ಸಾಲನ್ನೇ.

ಅನಂತರದ ಮೂವತ್ತು ಸೆಕೆಂಡು ಮೌನವಾಗಿದ್ದರೆ ಸ್ಟೇಷನ್ ನಿಂತುಹೋಯಿತೆಂದು ಕೇಳುಗರು ಭಾವಿಸುತ್ತಾರೆ. ಅಲ್ಲಿ ಸಂಗೀತ ಬೇಕೇ ಬೇಕು. ಆದರೆ ಹಾಡು ಹಾಕಬಾರದು. ಕಿವಿಗೆ ಬೀಳುವ ಮಾತು, ಅದು ಅರ್ಥವಾಗದ ಭಾಷೆಯದಾದರೂ, ಮನಸ್ಸಿನೊಳಗಿನ ಆವರ್ತನೆಯನ್ನು ಕೆಡಿಸುತ್ತದೆಂದೂ ಗಾಯನ ಕೆಡಿಸುವಷ್ಟು ಬರೀ ವಾದ್ಯಸಂಗೀತ ಕೆಡಿಸದೆಂದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಕೊಳಲೋ ವೀಣೆಯೋ ಸಾಕು.

ಕರೆ ಬರದಿದ್ದರೆ ಸುಳಿವು. ಮೊದಲ ಅಕ್ಷರ ನ ಎಂದರೆ 120 ಜೋಡಣೆಗಳು 24ಕ್ಕೆ ಇಳಿಯುತ್ತವೆ, ಕೊನೆಯದು ರಿ ಎಂದೂ ಹೇಳಿದರೆ ಆರೇ ಉಳಿಯುತ್ತವೆ. ಆದರೆ ಹೀಗೆ ಎರಡೂ ತುದಿಗಳನ್ನು ಕೊಟ್ಟಾಗ ನಡುವೆ ಗ ಸೇರಿ ‘ನಗರಿ’ ಹೊಳೆಯುತ್ತದೆ, ಯಾರಾದರೂ ಅದನ್ನೇ ಕರೆ ಮಾಡಿ ಹೇಳುತ್ತಾರೆ. ಆಗ ಆ ಪದವನ್ನು ಮತ್ತೆ ಉಚ್ಚರಿಸಿದರೆ ಉಳಿದ ಕೇಳುಗರ ಮನಸ್ಸಿನಲ್ಲೂ ಅದೇ ಬೇರೂರುತ್ತದೆ. ಅದಕ್ಕೆಂದೇ ಸ್ಕ್ರಿಪ್ಟಿನಲ್ಲಿ ಬೇರೆ ಸಾಲೊಂದು ಸಿದ್ಧವಿರಬೇಕು: “ಹತ್ತಿರ ಬಂದಿದ್ದೀರಿ, ಆದರೆ ಐದೂ ಅಕ್ಷರಗಳು ಬಳಕೆಯಾಗಲಿಲ್ಲ. ಮತ್ತೊಮ್ಮೆ ಕೇಳಿ: ಗ, ಲು, ರಿ, ವಿ, ನ.”