ಪಾತ್ರೆ ಐದೂವರೆ ಲೀಟರಿನದು, ಹಿಟ್ಟು ಹಿಡಿಯುವುದು ಮೂರೂ ಇಲ್ಲ

ಐದೂವರೆ ಲೀಟರಿನ ಪಾತ್ರೆಯಲ್ಲಿ ಮೂರು ಲೀಟರ್ ಹಿಟ್ಟು ಹುದುಗಲು ಇಟ್ಟರೆ ಬೆಳಿಗ್ಗೆ ಅದು ಉಕ್ಕಿ ನೆಲಕ್ಕಿಳಿದಿರುವ ಸಾಧ್ಯತೆ ಸಾಕಷ್ಟಿದೆ. ಪಾತ್ರೆಯ ಲೆಕ್ಕ ತಪ್ಪಿರಬೇಕೆಂದೇನಿಲ್ಲ. ಪಾತ್ರೆ ಎಷ್ಟು ಹಿಡಿಯುತ್ತದೆ ಎನ್ನುವುದು ಒಂದು ಪ್ರಶ್ನೆ, ಅದರಲ್ಲಿ ಎಷ್ಟು ತುಂಬಬಹುದು ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡಲ್ಲಿ ಹಿಟ್ಟು ಉಕ್ಕುತ್ತದೆ.

ಮೊದಲನೆಯದು ಸುಲಭ. ಒಂದು ಲೀಟರ್ ಎಂದರೆ ಸರಿಯಾಗಿ 1000 ಘನ ಸೆಂಟಿಮೀಟರ್. ನೆಟ್ಟಗೆ ನಿಂತ ಗೋಡೆಯ ದುಂಡು ಪಾತ್ರೆಯಾದರೆ ತಳದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಮುಗಿಯಿತು. ಒಳವ್ಯಾಸ 24 ಸೆಂ.ಮೀ., ಒಳ ಎತ್ತರ 12 ಸೆಂ.ಮೀ. ಇದೆ ಎನ್ನಿ. ತ್ರಿಜ್ಯ 12, ಅದರ ವರ್ಗ 144, ಅದನ್ನು 3.14ರಿಂದ ಗುಣಿಸಿದರೆ ಸುಮಾರು 452. ಮತ್ತೆ 12ರಿಂದ ಗುಣಿಸಿದರೆ 5,430 ಘನ ಸೆಂ.ಮೀ. ಅಂದರೆ 5.43 ಲೀಟರ್.

ಇಲ್ಲಿ 'ಒಳ' ಎಂಬ ಪದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದೇ ಪಾತ್ರೆಯನ್ನು ಹೊರಗಿನಿಂದ ಅಳೆದು, ಮಡಚಿದ ಅಂಚನ್ನೂ ಸೇರಿಸಿಕೊಂಡು ವ್ಯಾಸ 25, ಎತ್ತರ 12.5 ಎಂದು ಬರೆದುಕೊಂಡರೆ ಉತ್ತರ 6.14 ಲೀಟರ್ ಬರುತ್ತದೆ. ವ್ಯಾಸದಲ್ಲಿ ಒಂದು, ಎತ್ತರದಲ್ಲಿ ಅರ್ಧ ಸೆಂಟಿಮೀಟರಿನ ತಪ್ಪಿಗೆ ಮುಕ್ಕಾಲು ಲೀಟರಿನ ಹತ್ತಿರದ ಮೋಸ! ಲೆಕ್ಕದಲ್ಲಿ ವ್ಯಾಸ ಎರಡು ಸಲ ಗುಣಾಕಾರವಾಗುವುದರಿಂದ ಅದರಲ್ಲಿನ ತಪ್ಪೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗೆಂದು ಎತ್ತರದಲ್ಲಿ ಅತ್ತಿತ್ತ ಆದರೂ ನಡೆಯದು, ಈ ಪಾತ್ರೆಯಲ್ಲಿ ವ್ಯಾಸದ ಒಂದು ಸೆಂಟಿಮೀಟರಿನ ತಪ್ಪೂ ಎತ್ತರದ ಒಂದು ಸೆಂಟಿಮೀಟರಿನ ತಪ್ಪೂ ಹೆಚ್ಚುಕಡಿಮೆ ಒಂದೇ.

ಬಾಯಿ ಅಗಲವಾಗಿ ತಳ ಕಿರಿದಾದ ಪಾತ್ರೆಯದು ಬೇರೆಯೇ ಸ್ವಭಾವ. ಬಾಯಿಯ ಒಳವ್ಯಾಸ 28, ತಳದ್ದು 20, ಎತ್ತರ 12 ಸೆಂ.ಮೀ. ಎಂದುಕೊಳ್ಳಿ. ಇದಕ್ಕೆ ಬೇಕಾದ ಸೂತ್ರ ಹೀಗಿದೆ:

```
V = 0.2618 × h × (D² + D×d + d²)
```

D ಬಾಯಿಯ ವ್ಯಾಸ, d ತಳದ ವ್ಯಾಸ, h ಎತ್ತರ. ಆವರಣದೊಳಗಿನದು 784 + 560 + 400, ಒಟ್ಟು 1744. ಉತ್ತರ 5,479 ಘನ ಸೆಂ.ಮೀ., ಅಂದರೆ 5.48 ಲೀಟರ್. ಸೂತ್ರ ನೆನಪಿಲ್ಲದಿದ್ದರೆ ಎರಡು ವ್ಯಾಸಗಳ ಸರಾಸರಿ 24 ಎಂದು ಹಿಡಿದು ನೆಟ್ಟನೆಯ ಪಾತ್ರೆಯ ಹಾಗೆ ಲೆಕ್ಕ ಹಾಕಿದರೂ 5.43 ಬರುತ್ತದೆ, ಅಡುಗೆಮನೆಗೆ ಆ ವ್ಯತ್ಯಾಸ ಏನೇನೂ ಅಲ್ಲ. ಸರಾಸರಿ ಕೈಕೊಡುವುದು ಅರೆ ತುಂಬಿದ ಪಾತ್ರೆಯಲ್ಲಿ. ಎತ್ತರದ ಅರ್ಧಕ್ಕೆ, ಅಂದರೆ 6 ಸೆಂ.ಮೀ.ವರೆಗೆ ತುಂಬಿದಾಗ ಒಳಗಿರುವುದು 2.29 ಲೀಟರ್ ಮಾತ್ರ. ಉಳಿದ 3.19 ಲೀಟರಿನ ಜಾಗ ಮೇಲಿನ ಅರ್ಧದಲ್ಲಿದೆ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಪಾತ್ರೆಗೆ ಲೀಟರ್ ಲೀಟರಾಗಿ ನೀರು ಹುಯ್ಯುತ್ತಾ, ಒಂದು ಕಡ್ಡಿಯನ್ನು ತಳಕ್ಕೆ ತಾಗುವಂತೆ ನೆಟ್ಟಗೆ ಇಳಿಸಿ, ಪ್ರತಿ ಸಲ ಒದ್ದೆಯಾದಲ್ಲಿಗೆ ಗೀಟು ಹಾಕಿ. ಮೊದಲ ಲೀಟರಿಗೆ ನೀರು 2.9 ಸೆಂ.ಮೀ. ಏರುತ್ತದೆ. ಬಾಯಿಯ ಹತ್ತಿರದ ಲೀಟರಿಗೆ ಏರುವುದು 1.7 ಸೆಂ.ಮೀ. ಮಾತ್ರ. ಗೀಟುಗಳು ಮೇಲೆ ಹೋದಂತೆ ಒತ್ತೊತ್ತಾಗುತ್ತವೆ. ಒಮ್ಮೆ ಮಾಡಿಟ್ಟುಕೊಂಡರೆ ಆ ಪಾತ್ರೆಗೆ ಮತ್ತೆ ಲೆಕ್ಕವೇ ಬೇಡ. ತಳ ಉಬ್ಬಿದ್ದರೂ ಮೂಲೆ ದುಂಡಗಿದ್ದರೂ ಕಡ್ಡಿ ಅದನ್ನೆಲ್ಲ ಸೇರಿಸಿಕೊಂಡೇ ಹೇಳುತ್ತದೆ, ಸೂತ್ರ ಹೇಳುವುದಿಲ್ಲ. ಅಳತೆಯ ಪಾತ್ರೆ ಇಲ್ಲದವರು ತಕ್ಕಡಿ ಬಳಸಬಹುದು. ಒಂದು ಕಿಲೋ ನೀರನ್ನು ಒಂದು ಲೀಟರ್ ಎಂದು ಧೈರ್ಯವಾಗಿ ಹಿಡಿಯಬಹುದು.

ನೀರಿಗೆ ಹೊಂದುವ ಈ ಮಾತು ಹಿಟ್ಟಿಗೆ ಹೊಂದುವುದಿಲ್ಲ. ರುಬ್ಬಿದ ಹಿಟ್ಟು ನೀರಿಗಿಂತ ತೂಕವಾಗಿರಬಹುದು. ಗಾಳಿ ಸೇರುವಂತೆ ಚೆನ್ನಾಗಿ ಕಡೆದರೆ ನೀರಿಗಿಂತ ಹಗುರವೂ ಆಗಬಹುದು. ಹಾಗಾಗಿ ಪುಸ್ತಕದ ಅಂಕಿ ಹುಡುಕುವುದಕ್ಕಿಂತ ನಿಮ್ಮದೇ ಹಿಟ್ಟನ್ನು ತೂಗುವುದು ವಾಸಿ. ಅಂಚಿನವರೆಗೆ 250 ಗ್ರಾಂ ನೀರು ಹಿಡಿಯುವ ಲೋಟದಲ್ಲಿ ಅಂಚಿನ ಮಟ್ಟಕ್ಕೇ ಹಿಟ್ಟು ತುಂಬಿ, ಲೋಟದ ತೂಕ ಕಳೆಯಿರಿ. 265 ಗ್ರಾಂ ಬಂತೆನ್ನಿ. 265ನ್ನು 250ರಿಂದ ಭಾಗಿಸಿದರೆ 1.06, ಅಂದರೆ ಲೀಟರಿಗೆ 1.06 ಕಿಲೋ. ಆಗ 3 ಕಿಲೋ ಹಿಟ್ಟು 2.83 ಲೀಟರ್ ಆಗುತ್ತದೆ. ಅದೇ ಹಿಟ್ಟನ್ನು ಕಡೆದ ಮೇಲೆ ಲೋಟದಲ್ಲಿ 210 ಗ್ರಾಂ ಮಾತ್ರ ಹಿಡಿಸಿದರೆ ಲೀಟರಿಗೆ 0.84 ಕಿಲೋ, ಒಟ್ಟು 3.57 ಲೀಟರ್. ತೂಕ ಒಂದಿಷ್ಟೂ ಬದಲಾಗಿಲ್ಲ, ಜಾಗ ಮಾತ್ರ ಮುಕ್ಕಾಲು ಲೀಟರ್ ಹೆಚ್ಚು ಬೇಕು.

ಇನ್ನು ಉಬ್ಬುವ ಲೆಕ್ಕ. ಹುದುಗುವಾಗ ಹುಟ್ಟುವ ಅನಿಲವನ್ನು ದಪ್ಪ ಹಿಟ್ಟು ಹಿಡಿದಿಟ್ಟುಕೊಳ್ಳುತ್ತದೆ, ನೀರಾದ ಹಿಟ್ಟಿನಲ್ಲಿ ಗುಳ್ಳೆಗಳು ಮೇಲೆ ಬಂದು ಒಡೆದುಹೋಗುತ್ತವೆ. ಸೆಕೆ ಹೆಚ್ಚಿದ್ದರೆ ಬೇಗ ಉಬ್ಬುತ್ತದೆ. ಆದ್ದರಿಂದ ಎಲ್ಲ ಹಿಟ್ಟಿಗೂ ಒಂದೇ ಅಂಕಿ ಕೊಡಲಾಗದು. ಗೋಡೆ ನೆಟ್ಟಗಿರುವ ಗಾಜಿನ ಲೋಟದಲ್ಲಿ 8 ಸೆಂ.ಮೀ. ಹಿಟ್ಟು ಹಾಕಿ, ದೊಡ್ಡ ಪಾತ್ರೆಯ ಪಕ್ಕದಲ್ಲೇ ಇಡಿ. ಅದು ಅತಿ ಹೆಚ್ಚೆಂದರೆ 14ಕ್ಕೆ ಏರಿದರೆ ಹಿಗ್ಗುವಿಕೆ 1.75 ಪಟ್ಟು. ನೋಡಬೇಕಾದ್ದು ಏರಿದ ತುತ್ತತುದಿಯನ್ನು. ಹಿಟ್ಟು ಉಬ್ಬಿ ಆಮೇಲೆ ಕುಸಿಯುವುದುಂಟು. ಗಾಜಿಗೆ ಮೆತ್ತಿಕೊಂಡ ಪದರ ಅದು ಎಲ್ಲಿಯವರೆಗೆ ಹೋಗಿತ್ತೆಂದು ತೋರಿಸಿಕೊಡುತ್ತದೆ.

ಈಗ ನಮ್ಮ 5.48 ಲೀಟರಿನ ಪಾತ್ರೆಗೆ ಬರೋಣ. ಮುಚ್ಚಳಕ್ಕೆ ತಾಗದಂತೆ ಹತ್ತರಲ್ಲೊಂದು ಭಾಗ ಬಿಟ್ಟರೆ 4.93 ಉಳಿಯುತ್ತದೆ. ಅದನ್ನು 1.75ರಿಂದ ಭಾಗಿಸಿದರೆ 2.82 ಲೀಟರ್. ನಮ್ಮ 3 ಕಿಲೋ ಹಿಟ್ಟು, ಕಡೆಯದೆ ಇದ್ದರೆ, ಸರಿಯಾಗಿ ಕೂರುತ್ತದೆ. ಹಾಕಿದಾಗ ಅದರ ಮಟ್ಟ ತಳದಿಂದ 7 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಕಡೆದ ಹಿಟ್ಟಾದರೆ 1.75 ಎಂಬ ಅಂಕಿಯನ್ನೇ ನಂಬುವಂತಿಲ್ಲ. ಅದರೊಳಗೆ ಆಗಲೇ ಗಾಳಿ ಇದೆ, ಲೋಟದ ಪರೀಕ್ಷೆಯನ್ನು ಅದೇ ಹಿಟ್ಟಿನಿಂದ ಮತ್ತೆ ಮಾಡಬೇಕು.

ಗ್ರೇವಿ ಉಬ್ಬುವುದಿಲ್ಲ, ಆದರೆ ಬಿಸಿಗೆ ಹಿಗ್ಗುತ್ತದೆ, ಹೆಪ್ಪುಗಟ್ಟಿದಾಗ ಇನ್ನೂ ಹಿಗ್ಗುತ್ತದೆ. ಕುದಿಯುವ ನೀರು ತಣ್ಣಗಿನ ನೀರಿಗಿಂತ ನೂರಕ್ಕೆ ನಾಲ್ಕರಷ್ಟು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ನೀರು ಮಂಜುಗಡ್ಡೆಯಾದಾಗ ಹೆಚ್ಚುವುದು ಸುಮಾರು ನೂರಕ್ಕೆ ಒಂಬತ್ತು. ಗ್ರೇವಿಯ ಬಹುಪಾಲು ನೀರೇ ಆದ್ದರಿಂದ ಈ ಅಂಕಿಗಳು ಸುಮಾರಾಗಿ ಅದಕ್ಕೂ ಸಲ್ಲುತ್ತವೆ. ಒಳಗಿನಿಂದ 20, 15, 8 ಸೆಂ.ಮೀ. ಇರುವ ಡಬ್ಬಿ ಹಿಡಿಯುವುದು 2.4 ಲೀಟರ್. ಫ್ರೀಜರಿಗೆ ಇಡುವುದಾದರೆ 2.4ನ್ನು 1.09ರಿಂದ ಭಾಗಿಸಿ, 2.2 ಲೀಟರ್ ಬರುತ್ತದೆ. ಮುಚ್ಚಳದ ಒಳಗುಳಿಯೂ ಒಂದಿಷ್ಟು ಜಾಗ ತಿನ್ನುವುದರಿಂದ ಎರಡು ಲೀಟರಿಗೆ ನಿಲ್ಲಿಸುವುದು ಜಾಣತನ. ಹಾಗೆ ನಿಲ್ಲಿಸಿದರೆ ಗ್ರೇವಿಯ ಮೇಲೆ ಒಂದು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಖಾಲಿ ಇರುತ್ತದೆ. ಅಂಚಿನವರೆಗೆ ತುಂಬಿದ ಡಬ್ಬಿಯ ಮುಚ್ಚಳ ಬೆಳಿಗ್ಗೆ ಮೇಲೆದ್ದಿರುತ್ತದೆ, ಗಾಜಿನದಾದರೆ ಸೀಳಿರಲೂಬಹುದು.

ಗ್ರೇವಿಯಲ್ಲಿ ಹೋಳುಗಳಿದ್ದರೆ ಒಂದು ಲೀಟರ್ ಹೋಳು, ಒಂದು ಲೀಟರ್ ಗ್ರೇವಿ, ಒಟ್ಟು ಎರಡು ಲೀಟರ್ ಎಂದು ಕೂಡಬೇಡಿ. ಅಳತೆ ಪಾತ್ರೆಯಲ್ಲಿ ರಾಶಿ ಹಾಕಿದ ಹೋಳುಗಳ ನಡುವೆ ಖಾಲಿ ಸಂದುಗಳಿರುತ್ತವೆ, ಗ್ರೇವಿ ಮೊದಲು ಅವುಗಳೊಳಗೆ ಇಳಿಯುತ್ತದೆ. ಹೋಳಿನ ನಿಜವಾದ ಗಾತ್ರ ಬೇಕಾದರೆ ಅಳತೆಯ ಗೀಟುಗಳಿರುವ ಪಾತ್ರೆಯಲ್ಲಿ ಎರಡು ಲೀಟರ್ ನೀರಿಟ್ಟು, ಹೋಳುಗಳನ್ನು ಪೂರ್ತಿ ಮುಳುಗಿಸಿ ಮಟ್ಟ ನೋಡಿ. ನೀರು ಎರಡೂವರೆಯ ಗೀಟಿಗೆ ಬಂದರೆ ಹೋಳು ಅರ್ಧ ಲೀಟರ್.