ಆಲ್ಬಮ್ ಕಪ್ಪಾಯಿತೆಂದು ಲ್ಯಾಬನ್ನು ದೂರುವ ಮುನ್ನ

ಮದುವೆಯ ಹಂಗಾಮು ಮುಗಿದು ಆಲ್ಬಮ್‌ಗಳು ಮನೆ ಸೇರುವ ಹೊತ್ತಿಗೆ ದಾವಣಗೆರೆಯ ಫೋಟೋ ಸ್ಟುಡಿಯೋಗಳಲ್ಲಿ ಒಂದೇ ದೂರು ಕೇಳಿಬರುತ್ತದೆ: "ಮೊಬೈಲಿನಲ್ಲಿ ನೋಡಿದಾಗ ಇಷ್ಟು ಕಪ್ಪಗಿರಲಿಲ್ಲ." ಗ್ರಾಹಕರು ಸ್ಟುಡಿಯೋದವರನ್ನು ದೂರುತ್ತಾರೆ, ಸ್ಟುಡಿಯೋದವರು ಲ್ಯಾಬನ್ನು ದೂರುತ್ತಾರೆ, ಲ್ಯಾಬಿನವರು ಬಂದ ಫೈಲೇ ಹಾಗಿತ್ತು ಎನ್ನುತ್ತಾರೆ. ಇಂಕು ಉಳಿಸಲು ಹೋಗಿ ಹೀಗಾಯಿತು ಎಂಬ ವಾದವನ್ನಂತೂ ಓದಿದವರ ಬಾಯಲ್ಲೂ ಕೇಳಿದ್ದೇನೆ. ಇಂಕು ಕಡಿಮೆಯಾದರೆ ಬಿಳಿ ಕಾಗದ ಹೆಚ್ಚು ಕಾಣಿಸಿ ಚಿತ್ರ ತೆಳುವಾಗಬೇಕೇ ಹೊರತು ಕಪ್ಪಾಗುವುದಿಲ್ಲ. ಅದೂ ಅಲ್ಲದೆ, ಲ್ಯಾಬಿನ ಹಲವು ಯಂತ್ರಗಳಲ್ಲಿ ಇಂಕೇ ಇರುವುದಿಲ್ಲ. ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಲೇಸರ್ ಕಿರಣ ಹಾಯಿಸಿ, ಬಳಿಕ ರಾಸಾಯನಿಕಗಳಲ್ಲಿ ಸಂಸ್ಕರಿಸಿ ಚಿತ್ರ ಮೂಡಿಸುತ್ತಾರೆ.

ನಿಜವಾದ ಕಾರಣ ಹೆಚ್ಚಿನ ಸಲ ಯಂತ್ರದಲ್ಲಿ ಇರುವುದೇ ಇಲ್ಲ. ಅದು ಚಿತ್ರವನ್ನು ತಿದ್ದಿದ ಕೋಣೆಯಲ್ಲಿ ಇರುತ್ತದೆ. ಮಾನಿಟರ್ ತನ್ನ ಬೆಳಕನ್ನು ತಾನೇ ಸೂಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದದ್ದರಲ್ಲಿ ಒಂದು ಪಾಲನ್ನು ಅದು ಹಿಂದಿರುಗಿಸುತ್ತದೆ, ಅಷ್ಟೇ. ಆ ಪಾಲಿನ ಲೆಕ್ಕ ಸುಲಭ. ಕಾಗದದ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆದು, ಕಾಗದದ ಪ್ರತಿಫಲನದಿಂದ ಗುಣಿಸಿ, 3.14ರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಹೊಳಪು ನಿಟ್‌ಗಳಲ್ಲಿ ಸಿಗುತ್ತದೆ. ಒಳ್ಳೆಯ ಫೋಟೋ ಕಾಗದದ ಬಿಳಿ ಸುಮಾರು 90% ಬೆಳಕನ್ನು ಹಿಂದಿರುಗಿಸುತ್ತದೆ. ರಾತ್ರಿ ಒಂದು ಟ್ಯೂಬ್‌ಲೈಟ್ ಉರಿಯುವ ನಡುಮನೆಯಲ್ಲಿ, ಸೋಫಾದ ಮೇಲೆ ಬಿಚ್ಚಿಟ್ಟ ಆಲ್ಬಮ್ಮಿಗೆ 100 ಲಕ್ಸ್ ಬಿದ್ದರೆ, ಅದರ ಅಚ್ಚ ಬಿಳಿಯ ಹೊಳಪು 30 ನಿಟ್‌ಗಿಂತ ತುಸು ಕಡಿಮೆ. ಅಂಗಡಿಯಿಂದ ತಂದು ಹಾಗೆಯೇ ಬಳಸುವ ಮಾನಿಟರಿನ ಬಿಳಿಯಾದರೋ 250 ನಿಟ್‌ನ ಆಸುಪಾಸಿನಲ್ಲಿರುತ್ತದೆ.

ಇದನ್ನು ಅಳೆಯಲು ಬೇರೆ ಉಪಕರಣ ಕೊಳ್ಳಬೇಕಾಗಿಲ್ಲ, ಸ್ಟುಡಿಯೋದಲ್ಲಿರುವ ಕ್ಯಾಮೆರಾವೇ ಸಾಕು. ಅದರ ಮೀಟರ್ ಹೊಳಪನ್ನೇ ಅಳೆಯುತ್ತದೆ, ಆದರೆ ಉತ್ತರವನ್ನು ಶಟರ್ ವೇಗದ ರೂಪದಲ್ಲಿ ಕೊಡುತ್ತದೆ. ಐಎಸ್‌ಒ 100, ಅಪರ್ಚರ್ ಎಫ್/4 ಎಂದು ಇಟ್ಟುಕೊಂಡು, ಪರದೆಯ ತುಂಬ ಬಿಳಿ ಬಣ್ಣ ತೆರೆದು, ಫ್ರೇಮಿನಲ್ಲಿ ಬಿಳಿಯಲ್ಲದೆ ಬೇರೇನೂ ಕಾಣದಷ್ಟು ಹತ್ತಿರ ಹೋಗಿ ಮೀಟರ್ ಸೂಜಿ ನಡುವಿಗೆ ಬರುವ ವೇಗವನ್ನು ಗುರುತಿಸಿಕೊಳ್ಳಬೇಕು. ಫೋಕಸ್ ಆಗದಿದ್ದರೂ ಅಡ್ಡಿಯಿಲ್ಲ. ಲೆಕ್ಕದ ಸೂತ್ರ ಇಷ್ಟೇ:

```
L = 12.5 × N² ÷ (t × S)
```

ಇಲ್ಲಿ N ಅಪರ್ಚರ್, t ಸೆಕೆಂಡುಗಳಲ್ಲಿ ಶಟರ್ ಕಾಲ, S ಐಎಸ್‌ಒ. ಪರದೆಯ ಬಿಳಿಗೆ 1/125 ಬಂದರೆ ಹೊಳಪು 250 ನಿಟ್. ಅದೇ ಕ್ಯಾಮೆರಾವನ್ನು ಟ್ಯೂಬ್‌ಲೈಟಿನ ಕೆಳಗಿಟ್ಟ ಮುದ್ರಣವಿಲ್ಲದ ಫೋಟೋ ಕಾಗದದತ್ತ ತಿರುಗಿಸಿದಾಗ 1/15 ಬಂದರೆ 30 ನಿಟ್. ಮೀಟರ್ ತಯಾರಕರು ಬಳಸುವ 12.5 ಎಂಬ ಸ್ಥಿರಾಂಕ ಕಂಪನಿಯಿಂದ ಕಂಪನಿಗೆ ಅಲ್ಪಸ್ವಲ್ಪ ಬದಲಾಗುವುದರಿಂದ ಈ ಅಂಕಿಗಳು ಪ್ರಯೋಗಾಲಯದ ನಿಖರತೆಯವಲ್ಲ. ಆದರೆ ಎರಡನ್ನೂ ಒಂದೇ ಕ್ಯಾಮೆರಾ ಅಳೆದಿರುವುದರಿಂದ ಅವುಗಳ ನಡುವಿನ ಅಂತರ ನಂಬತಕ್ಕದ್ದು. ಇಲ್ಲಿ ಆ ಅಂತರ ಮೂರು ಸ್ಟಾಪ್, ಅಂದರೆ ಸುಮಾರು ಎಂಟು ಪಟ್ಟು.

ಎಂಟು ಪಟ್ಟು ಎಂದರೇನೆಂಬುದನ್ನು ಹೀಗೆ ನೋಡಬಹುದು. ಅದೇ ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಮೂರೂ 0ರಿಂದ 255ರ ಅಳತೆಯಲ್ಲಿ 118 ಇರುವ ಬೂದು ಚೌಕವೊಂದನ್ನು ತೆರೆದರೆ ಅದು ಬಿಳಿಯ 18% ಬೆಳಕನ್ನು, ಅಂದರೆ 45 ನಿಟ್‌ಗಳನ್ನು ಸೂಸುತ್ತದೆ. ಆಲ್ಬಮ್ಮಿನ ಅಚ್ಚ ಬಿಳಿ 30 ನಿಟ್. ಪರದೆಯ ನಡು ಬೂದುವಿನಷ್ಟೂ ಬೆಳಕು ಕಾಗದದ ಬಿಳಿಯಲ್ಲಿ ಇಲ್ಲವೆಂದ ಮೇಲೆ, ಎರಡನ್ನೂ ಪಕ್ಕಪಕ್ಕ ಹಿಡಿದಾಗ ಮುದ್ರಣ ಕಪ್ಪಾಗಿ ಕಾಣದೆ ಇನ್ನು ಹೇಗೆ ಕಾಣಬೇಕು? ಕಣ್ಣು ತನ್ನ ಎದುರಿನ ಅತಿ ಪ್ರಕಾಶಮಾನವಾದ ಬಿಳಿಯನ್ನು ಬಿಳಿಯೆಂದು ಒಪ್ಪಿಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಅಳೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಚಿತ್ರದುರ್ಗದ ಕೋಟೆ ಹತ್ತಿ, ಅಲ್ಲಿಯ ಗುಡಿಯೊಂದರ ಒಳಗೆ ಕಾಲಿಟ್ಟವರಿಗೆ ಮೊದಲ ಕ್ಷಣ ಏನೂ ಕಾಣದಿರುವಂತೆ, ಪರದೆಯಿಂದ ಆಲ್ಬಮ್ಮಿಗೆ ಹೊರಳಿದ ಕಣ್ಣಿಗೂ ಹೊಂದಿಕೊಳ್ಳಲು ಸಮಯ ಬೇಕು. ಪರದೆ ಎದುರಿಗೇ ಉರಿಯುತ್ತಿದ್ದರೆ ಆ ಹೊಂದಾಣಿಕೆ ಆಗುವುದೇ ಇಲ್ಲ. ಮೊಬೈಲನ್ನು ಆಲ್ಬಮ್ಮಿನ ಪಕ್ಕದಲ್ಲೇ ಹಿಡಿದು ಹೋಲಿಸುವ ಗ್ರಾಹಕರಿಗೆ ಸಮಾಧಾನವಾಗದಿರುವುದು ಇದೇ ಕಾರಣಕ್ಕೆ.

ಇಷ್ಟೇ ಆಗಿದ್ದರೆ ಮೊಬೈಲನ್ನು ಬದಿಗಿಡಿ ಎಂದು ಹೇಳಿ ಮುಗಿಸಬಹುದಿತ್ತು. ತೊಂದರೆಯ ದೊಡ್ಡ ಪಾಲು ಅದಕ್ಕೂ ಮೊದಲೇ ಫೈಲಿನೊಳಗೆ ಸೇರಿಕೊಂಡಿರುತ್ತದೆ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಿಟಕಿಯ ಪರದೆ ಎಳೆದು, ದೀಪ ಆರಿಸಿ, 250 ನಿಟ್‌ನ ಮಾನಿಟರಿನ ಎದುರು ಕುಳಿತವರಿಗೆ ಎಲ್ಲ ಚಿತ್ರವೂ ಅಗತ್ಯಕ್ಕಿಂತ ಬೆಳಗಿ ಕಾಣುತ್ತದೆ. ಧಾರೆಯ ಫೋಟೋದಲ್ಲಿ ಮದುಮಗಳ ಕೆನ್ನೆಯ ಕೆಂಪು ಚಾನೆಲ್ 190 ಇರಬೇಕಾದಲ್ಲಿ, ಅದು ಕಣ್ಣಿಗೆ ಚುಚ್ಚಿದಂತಾಗಿ ಸ್ಲೈಡರ್ ಎಳೆದು 160ಕ್ಕೆ ಇಳಿಸುತ್ತಾರೆ. ಪರದೆಯ ಮೇಲೆ ಈಗ ಮುಖ ಹಿತವಾಗಿದೆ. ಆದರೆ 190ರಿಂದ 160ಕ್ಕೆ ಇಳಿದಾಗ ಬೆಳಕು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಲ್ಯಾಬಿಗೆ ಹೋಗುವುದು 160 ಎಂಬ ಅಂಕಿ ಮಾತ್ರ. ಆ ಅಂಕಿಯನ್ನು ಎಷ್ಟು ಹೊಳಪಿನ ಪರದೆಯಲ್ಲಿ ನೋಡಿ ಆರಿಸಿದ್ದು ಎಂಬ ಮಾಹಿತಿ ಫೈಲಿನಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ. ಲ್ಯಾಬಿನ ಯಂತ್ರ 160 ಅನ್ನು ಪ್ರಾಮಾಣಿಕವಾಗಿ 160 ಎಂದೇ ಮುದ್ರಿಸಿ ಬೈಸಿಕೊಳ್ಳುತ್ತದೆ.

ಆದ್ದರಿಂದ ಮೊದಲು ಇಳಿಸಬೇಕಾದದ್ದು ಮಾನಿಟರಿನ ಹೊಳಪನ್ನು. ಅದನ್ನು ಮಾನಿಟರಿನದೇ ಬಟನ್ನುಗಳಿಂದ ಇಳಿಸಬೇಕು. ಸುತ್ತಲ ಬೆಳಕಿಗೆ ತಕ್ಕಂತೆ ತಾನಾಗಿ ಏರಿಳಿಯುವ ಸೌಲಭ್ಯವನ್ನೂ ಡೈನಮಿಕ್ ಕಾಂಟ್ರಾಸ್ಟನ್ನೂ ಆಫ್ ಮಾಡಿರಬೇಕು. ಆನ್ ಮಾಡಿ ಅರ್ಧ ಗಂಟೆಯಾದ ಮೇಲೆ ಕ್ಯಾಮೆರಾ ಮೀಟರ್ 1/125ರ ಬದಲು 1/60 ತೋರಿಸುವವರೆಗೆ ಇಳಿಸಿದರೆ 120 ನಿಟ್ ಆಗುತ್ತದೆ, 1/40ಕ್ಕೆ ಇಳಿಸಿದರೆ 80. ಮುದ್ರಣಕ್ಕಾಗಿ ಚಿತ್ರ ತಿದ್ದುವವರು ಸಾಮಾನ್ಯವಾಗಿ ಈ ಎರಡರ ನಡುವೆ ನಿಲ್ಲುತ್ತಾರೆ. ನಡುಮನೆಯ ಟ್ಯೂಬ್‌ಲೈಟಿಗೆ ಸರಿಯಾಗಿ 30ಕ್ಕೇ ಇಳಿಸಿಬಿಡೋಣವೆಂದರೆ ಅದು ಕೆಲಸಕ್ಕೆ ಬಾರದು, ಏಕೆಂದರೆ ಅಷ್ಟು ಮಂದ ಪರದೆಯಲ್ಲಿ ಗಾಢ ಬಣ್ಣಗಳ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ. ಮುದ್ರಣವನ್ನು ನೋಡುವ ಬೆಳಕನ್ನು ಹೆಚ್ಚಿಸುವುದು ಉತ್ತಮ ದಾರಿ. ಕಿಟಕಿಯ ಬದಿಯ ಮೇಜಿನಲ್ಲಿ, ನೇರ ಬಿಸಿಲು ಬೀಳದ ಜಾಗದಲ್ಲಿ 500 ಲಕ್ಸ್ ಸಿಕ್ಕರೆ ಕಾಗದದ ಬಿಳಿ 140 ನಿಟ್ ದಾಟುತ್ತದೆ, ಪರದೆಯೂ ಕಾಗದವೂ ಸರಿಸಮಾನ ನೆಲೆಗೆ ಬರುತ್ತವೆ. ಮುದ್ರಣ ಉದ್ಯಮದ ಐಎಸ್‌ಒ 3664 ಮಾನದಂಡವೂ ಸಾಮಾನ್ಯ ವೀಕ್ಷಣೆಗೆ 500 ಲಕ್ಸನ್ನೇ ಹೇಳುತ್ತದೆ. ಸೂಕ್ಷ್ಮ ಹೋಲಿಕೆಗೆ 2000.

ಇನ್ನು ಕಲರ್ ಸ್ಪೇಸ್, ಅಂದರೆ ಫೈಲಿನ ಯಾವ ಅಂಕಿ ಯಾವ ಬಣ್ಣವೆಂದು ಹೇಳುವ ಅಳತೆಗೋಲು. "ಅಡೋಬಿ ಆರ್‌ಜಿಬಿಯಲ್ಲಿ ತೆಗೆದರೆ ಬಣ್ಣ ಚೆನ್ನಾಗಿ ಬರುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಮಂತ್ರದಂತೆ ಹಬ್ಬಿದೆ. ಈ ಸ್ಪೇಸಿನ ಹುಟ್ಟೇ ಸ್ವಾರಸ್ಯಕರ. 1998ರ ಫೋಟೋಶಾಪಿನಲ್ಲಿ ಅದು ಟೆಲಿವಿಷನ್ ಮಾನದಂಡವೊಂದರ ಹೆಸರು ಹೊತ್ತು ಬಂದಿತ್ತು. ಅದರ ಅಂಕಿಗಳು ಆ ಮಾನದಂಡದವಲ್ಲ, ತಪ್ಪಾಗಿ ಎತ್ತಿಕೊಂಡವು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಜನರಿಗೆ ಅದು ಹಿಡಿಸಿಬಿಟ್ಟಿದ್ದರಿಂದ ಅಂಕಿಗಳನ್ನು ಹಾಗೆಯೇ ಬಿಟ್ಟು ಹೆಸರನ್ನು ಮಾತ್ರ ಬದಲಿಸಿದರು. ತಪ್ಪಿನಿಂದ ಹುಟ್ಟಿದರೂ ಉಪಯುಕ್ತವಾದ ಸ್ಪೇಸ್ ಅದು, ಪರದೆಗಳ ಸಾಮಾನ್ಯ ಸ್ಪೇಸಾದ ಎಸ್‌ಆರ್‌ಜಿಬಿಗಿಂತ ಗಾಢವಾದ ಹಸಿರುಗಳನ್ನು ಹಿಡಿದಿಡಬಲ್ಲದು. ಆದರೆ ಹೆಚ್ಚಿನ ಲ್ಯಾಬುಗಳು ಯಾವ ಸ್ಪೇಸ್ ಎಂದು ತಿಳಿಸುವ ಫೈಲಿನೊಳಗಿನ ಪ್ರೊಫೈಲನ್ನು ಓದದೆ ಬಂದದ್ದನ್ನೆಲ್ಲ ಎಸ್‌ಆರ್‌ಜಿಬಿ ಎಂದೇ ತಿಳಿದು ಮುದ್ರಿಸುತ್ತವೆ. ಎಡವಟ್ಟಾಗುವುದು ಅಲ್ಲಿ.

ಮದುಮಗಳ ಸೀರೆಯ ಕೆಂಪು ಎಸ್‌ಆರ್‌ಜಿಬಿಯ ಅತಿ ಗಾಢ ಕೆಂಪು, ಅಂದರೆ 255, 0, 0 ಎಂದುಕೊಳ್ಳೋಣ. ಅದೇ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ 219, 0, 0 ಆಗುತ್ತದೆ. ಅಲ್ಲಿಯ ಅಳತೆಗೋಲು ಉದ್ದವಾಗಿರುವುದರಿಂದ ಅದೇ ಬಣ್ಣಕ್ಕೆ ಚಿಕ್ಕ ಅಂಕಿ ಸಾಕು. ಪ್ರೊಫೈಲನ್ನು ಓದದ ಯಂತ್ರ 219 ಅನ್ನು ಎಸ್‌ಆರ್‌ಜಿಬಿಯ 219 ಎಂದೇ ತಿಳಿದು, ಸೀರೆಗೆ ಸಿಗಬೇಕಾದ ಬೆಳಕಿನ 71% ಮಾತ್ರ ಕೊಡುತ್ತದೆ. ಸೀರೆ ಮಂಕಾಗುತ್ತದೆ. ಆದರೆ ಪಕ್ಕದಲ್ಲಿರುವ ಮದುಮಗನ ಬಿಳಿ ಪಂಚೆ ಹಾಗೂ ಹಿನ್ನೆಲೆಯ ಬೂದು ಗೋಡೆ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತವೆ, ಏಕೆಂದರೆ ಬಿಳಿ, ಬೂದು, ಕಪ್ಪುಗಳ ಅಂಕಿಗಳು ಈ ಎರಡು ಸ್ಪೇಸುಗಳಲ್ಲಿ ಬಹುತೇಕ ಒಂದೇ. ಪ್ರೋಫೋಟೋ ಆರ್‌ಜಿಬಿಯ ಕಥೆ ಬೇರೆ. ಅದರ ಗ್ಯಾಮಾ, ಅಂದರೆ ಅಂಕಿಗೂ ಬೆಳಕಿಗೂ ಇರುವ ನಂಟು, 1.8 ಆದ್ದರಿಂದ ಬೂದುವೂ ಕೆಡುತ್ತದೆ: 18% ಬೂದು ಅದರಲ್ಲಿ 98 ಎಂದು ದಾಖಲಾಗಿ, ಎಸ್‌ಆರ್‌ಜಿಬಿ ಎಂದು ಓದಿದಾಗ 12% ಆಗಿ ಮುದ್ರಣವಾಗುತ್ತದೆ. ಲ್ಯಾಬಿಗೆ ಕಳಿಸುವ ಮುನ್ನ ಫೋಟೋಶಾಪಿನಲ್ಲಿ Convert to Profile ಆರಿಸಿ ಎಸ್‌ಆರ್‌ಜಿಬಿಗೆ ಪರಿವರ್ತಿಸಿದರೆ ಎರಡೂ ತೊಂದರೆಗಳು ತಪ್ಪುತ್ತವೆ. ಅದರ ಜೊತೆಗೇ ಇರುವ Assign Profile ಅನ್ನು ಒತ್ತಿದರೆ ಅಂಕಿಗಳು ಬದಲಾಗದೆ ಹೆಸರು ಮಾತ್ರ ಬದಲಾಗಿ, ಯಂತ್ರ ಮಾಡುತ್ತಿದ್ದ ತಪ್ಪನ್ನು ನಾವೇ ಮಾಡಿಕೊಟ್ಟಂತಾಗುತ್ತದೆ.

ಯಾವುದರಿಂದ ಕಪ್ಪಾಯಿತೆಂದು ಪತ್ತೆ ಮಾಡಲು ಎಸ್‌ಆರ್‌ಜಿಬಿಯ 118ರ ಬೂದು ಚೌಕವನ್ನು ತಿದ್ದಿ ಮುಗಿಸಿದ ಒಂದು ಫೋಟೋದ ಮೂಲೆಯಲ್ಲಿಟ್ಟು, ಎಂದಿನಂತೆಯೇ ಫೈಲ್ ತಯಾರಿಸಿ, ಅದೇ ಲ್ಯಾಬಿನಲ್ಲಿ ಮುದ್ರಿಸಿ ತರಬೇಕು. ಬಂದ ಚೌಕವನ್ನು ಪರದೆಯ ಪಕ್ಕದಲ್ಲಿ ಹಿಡಿಯಬಾರದು. ಸ್ಟುಡಿಯೋದಲ್ಲಿ ಬಿದ್ದಿರುವ 18% ಗ್ರೇ ಕಾರ್ಡಿನ ಪಕ್ಕದಲ್ಲಿ, ಕಿಟಕಿಯ ಬೆಳಕಿನಲ್ಲಿ ಹಿಡಿಯಬೇಕು. ಚೌಕವೂ ಕಾರ್ಡೂ ಹೊಂದಿ, ಚಿತ್ರ ಒಟ್ಟಾರೆ ಕಪ್ಪೆನಿಸಿದರೆ ಲ್ಯಾಬಿನ ತಪ್ಪಿಲ್ಲ, ಹೆಚ್ಚಿದ್ದು ಮಾನಿಟರಿನ ಹೊಳಪು. ಬೂದು ಹೊಂದಿ ಕೆಂಪು, ಹಸಿರುಗಳು ಮಾತ್ರ ಸೊರಗಿದ್ದರೆ ಅಡೋಬಿ ಆರ್‌ಜಿಬಿಯನ್ನು ಅನುಮಾನಿಸಬೇಕು. ಬೂದುವೂ ಕಾರ್ಡಿಗಿಂತ ಎದ್ದು ಕಾಣುವಷ್ಟು ಕಪ್ಪಾಗಿದ್ದರೆ, ಫೈಲ್ ಪ್ರೋಫೋಟೋದಲ್ಲಿ ಹೋಯಿತೇ ಎಂದು ಮೊದಲು ನೋಡಿ, ಅದಲ್ಲವೆಂದು ಖಚಿತವಾದ ಮೇಲೆ ಲ್ಯಾಬಿನವರ ಜೊತೆ ಜಗಳಕ್ಕೆ ಹೊರಡಬಹುದು.

ಇವೆಲ್ಲ ಸರಿಯಿದ್ದರೂ ನೆರಳಿನ ಭಾಗ ಪರದೆಯಂತೆ ಬರುವುದಿಲ್ಲ. ಮ್ಯಾಟ್ ಕಾಗದದ ಅತಿ ಗಾಢ ಕಪ್ಪು ಕೂಡ ತನ್ನ ಮೇಲೆ ಬಿದ್ದ ಬೆಳಕಿನ 2ರಿಂದ 3% ಅನ್ನು ಹಿಂದಿರುಗಿಸುತ್ತದೆ. ಅಂದರೆ ಅದರ ಬಿಳಿಗೂ ಕಪ್ಪಿಗೂ ಇರುವ ಅಂತರ 40 ಪಟ್ಟಿನ ಆಸುಪಾಸು, ಸಾಧಾರಣ ಮಾನಿಟರಿನಲ್ಲಿ ಅದು 1000 ಪಟ್ಟು. ಕೋಟೆಯ ಹೆಬ್ಬಾಗಿಲಿನ ಒಳನೆರಳಿನಲ್ಲಿ ಕಲ್ಲಿನ ಸಂದುಗಳು ಪರದೆಯ ಮೇಲೆ 10, 20, 30 ಎಂಬ ಅಂಕಿಗಳಲ್ಲಿ ಬಿಡಿಬಿಡಿಯಾಗಿ ಕಂಡರೂ ಮ್ಯಾಟ್ ಕಾಗದದಲ್ಲಿ ಒಂದೇ ಕಪ್ಪಾಗಿ ಕೂಡಿಕೊಳ್ಳಬಹುದು. ಇಡೀ ಚಿತ್ರವನ್ನು ಒಂದು ಸ್ಟಾಪ್ ಏರಿಸಿದರೆ ಆಕಾಶ ಸುಟ್ಟುಹೋಗುತ್ತದೆ, ಮದುವೆಯ ಫೋಟೋದಲ್ಲಾದರೆ ಜರಿಯೂ ಮಲ್ಲಿಗೆ ದಂಡೆಯೂ ಬರೀ ಬಿಳಿಯಾಗುತ್ತವೆ. ಕರ್ವ್ಸ್‌ನಲ್ಲಿ ಬಿಳಿಯ ತುದಿಯನ್ನು ಅಲುಗಿಸದೆ, ಕೆಳಗಿನ ಕಾಲು ಭಾಗವನ್ನಷ್ಟೇ ಮೆಲ್ಲಗೆ ಎತ್ತಿ, ಸಂದುಗಳ ಅಂಕಿಗಳನ್ನು 40ರ ಮೇಲಕ್ಕೆ ತಂದು, ಪೂರ್ತಿ ಆಲ್ಬಮ್ಮಿಗೆ ಮುನ್ನ ಅದೇ ಕಾಗದದಲ್ಲಿ ಅಂಗೈ ಅಗಲದ ತುಂಡೊಂದನ್ನು ಹಾಕಿಸಿ ನೋಡಬೇಕು.